ಸಹಾಯ ಬೇಕು: ಕ್ಲೈಂಟ್ ಒಂದು ಹೇಳ್ತಾರೆ, ವಾಯ್ಸ್ ಆರ್ಟಿಸ್ಟ್ ಇನ್ನೊಂದು

ಎಲ್ಲರಿಗೂ ನಮಸ್ಕಾರ. 60 ಸೆಕೆಂಡಿನ ಆ್ಯಪ್ ವಿಡಿಯೊಗೆ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಪ್ರತಿ ರೌಂಡ್‌ನಲ್ಲೂ ಒಂದೇ ಸಾಲಿನ ಮೇಲೆ ಜಗ್ಗಾಟ.

ಕ್ಲೈಂಟ್‌ಗೆ ಬೇಕಾದ ಸಾಲು: "ಬಳಕೆದಾರರು ನೋಂದಣಿ ಪ್ರಕ್ರಿಯೆಯನ್ನು ಪೂರ್ಣಗೊಳಿಸಿದ ನಂತರ ಮಾತ್ರ ಲಭ್ಯವಾಗುವ ಸೌಲಭ್ಯದ ಮೂಲಕ ಬಿಲ್ ಪಾವತಿಸಬಹುದು."

ಆರ್ಟಿಸ್ಟ್ ಹೇಳುವುದು, ಇದನ್ನು ಒಂದೇ ಉಸಿರಿನಲ್ಲಿ ಓದಿದರೆ ಕೊನೆಯ ಪದ ನುಂಗಿ ಹೋಗುತ್ತದೆ. ಅವರು ಮಾಡಿದ್ದು: "ನೋಂದಾಯಿಸಿ. ಬಿಲ್ ಕಟ್ಟಿ." ಕೇಳಲು ಚೆನ್ನಾಗಿದೆ. ಆದರೆ "ನಂತರ ಮಾತ್ರ" ಅನ್ನುವ ಷರತ್ತೇ ಹೋಯಿತು. ಕ್ಲೈಂಟ್ ಕಡೆಯ ಕಾನೂನು ವಿಭಾಗ ಅದನ್ನು ಬಿಡಲ್ಲ. ಸರಿನೇ ಅಲ್ವಾ? ಕ್ಲೈಂಟ್ ಕಣ್ಣಲ್ಲಿ ಓದುತ್ತಾರೆ, ಆರ್ಟಿಸ್ಟ್ ಬಾಯಲ್ಲಿ. ಇಬ್ಬರ ಮಾತಿನಲ್ಲೂ ಅರ್ಥವಿದೆ.

ನಾನೀಗ ಬರೆದಿರುವುದು: "ಮೊದಲು ನೋಂದಣಿ ಮುಗಿಸಿ. ಆಮೇಲೆ ಮಾತ್ರ ಬಿಲ್ ಕಟ್ಟಬಹುದು." ಷರತ್ತು ಉಳಿಯಿತು, ಉಸಿರಿಗೂ ಜಾಗ ಸಿಕ್ಕಿತು. ಆದರೆ ಡಾಕ್ಯುಮೆಂಟ್‌ನಲ್ಲಿ ನೋಡಿದ ಕ್ಲೈಂಟ್‌ಗೆ ಇದು "ತುಂಬಾ ಸರಳ" ಅನ್ನಿಸಿದೆ. ಹಾಗಾಗಿ ಎರಡೂ ಸಾಲುಗಳನ್ನು ಫೋನಲ್ಲೇ ರೆಕಾರ್ಡ್ ಮಾಡಿ, ವಿಡಿಯೊ ಮೇಲೆ ಕೂರಿಸಿ ಕಳಿಸೋಣ ಅಂದುಕೊಂಡಿದ್ದೇನೆ. ಉದ್ದದ ಸಾಲು ಮುಗಿಯುವ ಮೊದಲೇ ದೃಶ್ಯ ಬದಲಾಗುವುದು ಆಗ ಅವರಿಗೇ ಕಾಣುತ್ತದೆ.

ನನ್ನ ಪ್ರಶ್ನೆಗಳು ಎರಡು. ಅರ್ಥದ ಬದಲಾವಣೆಗೆ ಕ್ಲೈಂಟ್ ಒಪ್ಪಿಗೆ ಬೇಕು, ಓದುವ ಧಾಟಿ ಮತ್ತು ನಿಲುಗಡೆ ಆರ್ಟಿಸ್ಟ್‌ಗೆ ಬಿಟ್ಟಿದ್ದು ಅಂತ ಮೊದಲೇ ಬರೆದುಕೊಳ್ಳುತ್ತೀರಾ? ಸ್ಕ್ರಿಪ್ಟ್ ಲಾಕ್ ಆದಮೇಲೂ ಪದ ಬದಲಿಸಿದರೆ ಮರು ರೆಕಾರ್ಡಿಂಗ್ ಖರ್ಚು ಯಾರ ತಲೆಗೆ? ಇಂಥ ಕೆಲಸ ಮಾಡಿದವರು ನೀವು ಬಳಸುವ ಒಪ್ಪಂದದ ಸಾಲನ್ನು ಹಾಕಿದರೆ ತುಂಬಾ ಉಪಕಾರ.