ಬಿಳಿ ಮುಂಡಿನಲ್ಲಿ ತುಕ್ಕಿನ ಕರೆ, ಸಿಂಕಿನಲ್ಲೂ ತುಕ್ಕು: ನಿಂಬೆ-ಉಪ್ಪು ಸಾಕಾ, ಆಕ್ಸಾಲಿಕ್ ಬೇಕಾ?

ತೋಟದಗೇಟು, ಬದಿಯಡ್ಕ
ಬಿಳಿ ಹತ್ತಿ ಮುಂಡು, ಜರಿ ಇಲ್ಲ. ಬಟ್ಟೆ ಒಣಗಿಸುವ ಕಬ್ಬಿಣದ ಸರಿಗೆಯಿಂದ ಮೂರು ಕಡೆ ತುಕ್ಕು ಹಿಡಿದಿದೆ, ಒಂದೊಂದು ಐದು ರೂಪಾಯಿ ನಾಣ್ಯದಷ್ಟು ಅಗಲ. ನಿಂಬೆರಸ, ಉಪ್ಪು ಹಚ್ಚಿ ಎರಡು ಗಂಟೆ ಬಿಸಿಲಿಗಿಟ್ಟದ್ದಕ್ಕೆ ಅರ್ಧ ಮಾಸಿತು. ಪೂರ್ತಿ ಹೋಗಲಿ ಅಂತ ಬ್ಲೀಚ್ ನೀರಿನಲ್ಲಿ ನೆನೆಸಿದೆ, ಮೊದಲಿಗಿಂತ ಗಾಢ ಕಂದು ಆಯಿತು. ಹಾರ್ಡ್‌ವೇರ್ ಅಂಗಡಿಯವರು ಆಕ್ಸಾಲಿಕ್ ಪುಡಿ ಕೊಟ್ಟಿದ್ದಾರೆ, ಮೊಸಾಯಿಕ್ ನೆಲ ಪಾಲಿಶ್ ಮಾಡುವವರು ಬಳಸುವಂಥದ್ದು. ಪೊಟ್ಟಣದ ಮೇಲೆ ಅಳತೆ ಬರೆದಿಲ್ಲ. ಎಷ್ಟು ಹಾಕಬೇಕು? ಸ್ಟೀಲ್ ಸಿಂಕಿನಲ್ಲಿ ಕಬ್ಬಿಣದ ಬಾಣಲೆ ಇಟ್ಟ ಜಾಗದಲ್ಲಿ ಒಂದು ತುಕ್ಕಿನ ಉಂಗುರವೂ ಉಂಟು.

ಪೆರ್ಲದವ
ಎರಡೂ ಆಸಿಡ್ಡೇ. ನಿಂಬೆಯದ್ದು ಸಾಧು, ಇದು ಜೋರು, ಅಷ್ಟೇ ವ್ಯತ್ಯಾಸ. ನಾಲ್ಕು ಚಮಚ ದಪ್ಪಗೆ ಕಲಸಿ ಕರೆಯ ಮೇಲೆ ಹಚ್ಚಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಇರುವುದಿಲ್ಲ. ಸಿಂಕಿಗೆ ನಿಂಬೆ-ಉಪ್ಪೇ ಸಾಕು.

ಸುರಂಗನೀರು, ಬಾಯಾರು
ಪೆರ್ಲದವರೇ, ರಾತ್ರಿಯಿಡೀ ಬಿಟ್ಟರೆ ಕರೆ ಇರುವುದಿಲ್ಲ ಅನ್ನುವುದು ನಿಜ, ಅಲ್ಲಿನ ಬಟ್ಟೆಯೂ ಇರಲಿಕ್ಕಿಲ್ಲ. ಆಕ್ಸಾಲಿಕ್ ಹಾರಿಹೋಗುವ ವಸ್ತು ಅಲ್ಲ. ನೀರು ಆರಿದ ಹಾಗೆ ಅದು ನೂಲಿನೊಳಗೇ ಹರಳುಗಟ್ಟುತ್ತದೆ, ಆರಿದಷ್ಟೂ ಖಾರ ಹೆಚ್ಚು. ಅದರ ಮೇಲೆ ಇಸ್ತ್ರಿ ಪೆಟ್ಟಿಗೆಯ ಬಿಸಿ ಬಿದ್ದರೆ ಹತ್ತಿಯ ನೂಲು ಮುರಿಯುತ್ತದೆ. ಬಟ್ಟೆಯ ಮೇಲೆ ಅದನ್ನು ಒಣಗಲು ಬಿಡುವ ಹಾಗೇ ಇಲ್ಲ.

ಜೋರು-ಸಾಧು ಅನ್ನುವುದೂ ಅರ್ಧ ಮಾತು. ತುಕ್ಕು ಸುಮ್ಮನೆ ಹುಳಿಗೆ ಕರಗುವ ಮಣ್ಣಲ್ಲ. ಹುಳಿ ಅದನ್ನು ಸಡಿಲಿಸಬೇಕು, ಸಡಿಲಾದ ಕಬ್ಬಿಣವನ್ನು ಯಾವುದಾದರೂ ಹಿಡಿದುಕೊಂಡು ನೀರಿಗೆ ಒಯ್ಯಬೇಕು. ಇಲ್ಲದಿದ್ದರೆ ತೊಳೆಯುವಾಗ ಹುಳಿ ಕಡಿಮೆಯಾದ ತಕ್ಷಣ ಅದು ಪುನಃ ನೂಲಿಗೇ ಕೂರುತ್ತದೆ. ನಿಂಬೆರಸದಲ್ಲಿ ಸಿಟ್ರಿಕ್ ಆಮ್ಲ ನೂರಕ್ಕೆ ಐದಾರು ಪಾಲು ಮಾತ್ರ, ಸಡಿಲಿಸುವ ಕೆಲಸ ನಿಧಾನ. ಅದಕ್ಕೇ ಬಿಸಿಲು ಬೇಕಾಗುವುದು. ಆಕ್ಸಾಲಿಕ್ ತುಂಬ ಹೆಚ್ಚು ಹುಳಿ, ಅದರ ಮೇಲೆ ಒಂದು ಕಬ್ಬಿಣದ ಕಣಕ್ಕೆ ಮೂರು ಆಕ್ಸಲೇಟ್ ಮೂರು ಕಡೆಯಿಂದ ಅಂಟಿಕೊಳ್ಳುತ್ತವೆ. ಹಾಗೆ ಹಿಡಿದ ಕಬ್ಬಿಣ ನೀರಿನಲ್ಲಿ ಕರಗಿಯೇ ಇರುತ್ತದೆ. ಕೆಲಸ ನಡೆಯುತ್ತಿದ್ದರೆ ನೀರಿಗೆ ತೆಳು ಹಳದಿ-ಹಸಿರು ಬಣ್ಣ ಬರುವುದು ಇದರಿಂದ. ಉಪ್ಪಿನದ್ದು ಸಣ್ಣ ಪಾತ್ರ, ಬಟ್ಟೆಯಲ್ಲಿ ಉಜ್ಜಲಿಕ್ಕೆ ಸ್ವಲ್ಪ ಒರಟು ಸಿಗುತ್ತದೆ ಅಷ್ಟೆ.

ಬ್ಲೀಚ್ ಯಾಕೆ ಕೆಡಿಸಿತು ಅಂದರೆ ಅದು ಬಣ್ಣ ಸುಡುವ ವಸ್ತು, ಕಬ್ಬಿಣ ತೆಗೆಯುವುದಲ್ಲ. ನಿಂಬೆ ಅರ್ಧ ಸಡಿಲಿಸಿಟ್ಟ ಕಬ್ಬಿಣವನ್ನು ಅದು ಪುನಃ ಪಕ್ಕಾ ತುಕ್ಕು ಮಾಡಿ ಕೂರಿಸಿತು.

ಈಗ ಮಾಡಬೇಕಾದದ್ದು ಹೀಗೆ. ಮೊದಲು ಮುಂಡನ್ನು ಬರೀ ನೀರಿನಲ್ಲಿ ನಾಲ್ಕು ಸಲ ಹಿಂಡಿ, ಬ್ಲೀಚಿನ ವಾಸನೆ ಪೂರ್ತಿ ಹೋಗುವವರೆಗೆ. ಬ್ಲೀಚ್ ಉಳಿದ ಬಟ್ಟೆಗೆ ಆಸಿಡ್ ತಾಗಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಬಚ್ಚಲಿನಂಥ ಸಣ್ಣ ಕೋಣೆಯಲ್ಲಿ ಅದು ಅಪಾಯ. ಆಮೇಲೆ ಪ್ಲಾಸ್ಟಿಕ್ ಮಗ್ಗಿನಲ್ಲಿ ಅರ್ಧ ಲೀಟರ್ ಬಿಸಿನೀರು, ಕೈ ತಡೆಯುವಷ್ಟು ಬಿಸಿ ಸಾಕು, ಕುದಿಸಬೇಡಿ. ಅದಕ್ಕೆ ಟೀ ಚಮಚದಲ್ಲಿ ಒಂದು ಸಮಮಟ್ಟದ ಚಮಚ ಪುಡಿ, ಸುಮಾರು 5 ಗ್ರಾಂ. ಅಲ್ಲಿಗೆ ನೂರಕ್ಕೆ ಒಂದು ಪಾಲು ಆಯಿತು. ಒದ್ದೆ ಮುಂಡಿನ ಕರೆಯಿರುವ ಭಾಗವನ್ನಷ್ಟೇ ಮುಳುಗಿಸಿ. ಬಟ್ಟೆ ಮೊದಲೇ ಒದ್ದೆಯಿದ್ದರೆ ಆಸಿಡ್ ನೀರು ಸುತ್ತ ಅಷ್ಟಾಗಿ ಹಬ್ಬುವುದಿಲ್ಲ. ಐದು ನಿಮಿಷಕ್ಕೆ ಎತ್ತಿ ನೋಡಿ, ಉಳಿದಿದ್ದರೆ ಇನ್ನೈದು. ಹದಿನೈದು ನಿಮಿಷ ದಾಟಿದರೆ ಹೊಸ ನೀರು, ಹೊಸ ಪುಡಿ.

ಮುಗಿದ ಮೇಲೆ ಮೂರು ನೀರಿನಲ್ಲಿ ತೊಳೆದು, ಅರ್ಧ ಬಕೆಟ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಐದು ನಿಮಿಷ ಅದ್ದಿ, ಪುನಃ ಒಂದು ನೀರು. ಕೈಗೆ ರಬ್ಬರ್ ಗ್ಲೌಸ್ ಇರಲಿ. ಕಬ್ಬಿಣ, ಅಲ್ಯೂಮಿನಿಯಂ, ಜಿಂಕ್ ಬಕೆಟ್ ಬೇಡ. ಪುಡಿ ನೋಡಲಿಕ್ಕೆ ಸಕ್ಕರೆಯಂತೆ ಇರುತ್ತದೆ, ಹೊಟ್ಟೆಗೆ ಹೋದರೆ ವಿಷ, ಕಿಡ್ನಿಗೆ ಹೊಡೆತ. ಹೆಸರು ಬರೆದು ಅಡುಗೆಕೋಣೆಯ ಹೊರಗಿಡಿ.

ಕುಂಬಳೆ ಅಕ್ಕ
ನಂಗೂ ಇದೇ ತೊಂದರೆ. ಶರ್ಟಿನ ಮೇಲೆ ಕಂದು ಕರೆ, ಬಾಳೆಗೊನೆ ಹೊತ್ತದ್ದು. ಆಕ್ಸಾಲಿಕ್ ಎರಡು ಸಲ ಹಾಕಿದೆ, ಕೂದಲೆಳೆಯಷ್ಟೂ ಕದಲಲಿಲ್ಲ. ಪುಡಿ ಕಲಬೆರಕೆಯಾ?

ಸುರಂಗನೀರು, ಬಾಯಾರು
ಅಕ್ಕ, ಪುಡಿ ಸರಿಯಾಗಿಯೇ ಇರಬೇಕು, ನಿಮ್ಮದು ತುಕ್ಕಲ್ಲ, ಬಾಳೆಯ ಸೊನೆ. ಅಡಿಕೆ ಚೊಗರು, ಗೇರುಹಣ್ಣಿನ ಕರೆ ಎಲ್ಲ ಅದೇ ಜಾತಿ. ಆಕ್ಸಾಲಿಕ್ ಹಿಡಿಯುವುದು ಕಬ್ಬಿಣವನ್ನು, ನಿಮ್ಮ ಕರೆಯಲ್ಲಿ ಅದಕ್ಕೆ ಹಿಡಿಯಲಿಕ್ಕೆ ಏನೂ ಇಲ್ಲ. ಪರೀಕ್ಷೆ ಸುಲಭ: ಒಂದು ಹನಿ ನಿಂಬೆರಸ ಬಿಟ್ಟು ಹತ್ತು ನಿಮಿಷ ಒದ್ದೆಯಾಗಿಡಿ. ಅಂಚು ತೆಳುವಾಗಿ ಹಳದಿಗೆ ತಿರುಗಿದರೆ ತುಕ್ಕು, ಇದ್ದ ಹಾಗೇ ಇದ್ದರೆ ಸೊನೆ. ಸೊನೆಯ ಕರೆಗೆ ಬ್ಲೀಚ್ ಸ್ವಲ್ಪ ಸಹಾಯ ಮಾಡುತ್ತದೆ, ಬಿಳಿ ಹತ್ತಿಯಾದರೆ ಮಾತ್ರ. ಆಕ್ಸಾಲಿಕ್ ಪೂರ್ತಿ ತೊಳೆದ ಮೇಲೆಯೇ, ಬೇರೆ ದಿನ.

ಕುಂಬಳೆ ಅಕ್ಕ
ಶರ್ಟು ಗೀಟಿನದ್ದು, ಬಣ್ಣದ್ದು. ಹಾಗಾದರೆ ಬ್ಲೀಚ್ ಆಗಲಿಕ್ಕಿಲ್ಲ. ತೋಟಕ್ಕೇ ಇಟ್ಟುಕೊಳ್ಳುತ್ತೇನೆ.

ಮುಳ್ಳೇರಿಯ ಮಳೆ
ಸಿಂಕಿನ ಬಗ್ಗೆ ಪೆರ್ಲದವರು ಹೇಳಿದ್ದನ್ನು ದಯವಿಟ್ಟು ಹಾಗೇ ಮಾಡಬೇಡಿ. ಬಟ್ಟೆಯಲ್ಲಿ ಉಪ್ಪು ನಿರುಪದ್ರವಿ, ಸ್ಟೀಲಿನಲ್ಲಿ ಅಲ್ಲ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದೆ ಇರುವುದು ಮೇಲಿನ ತೆಳ್ಳನೆ ಕ್ರೋಮಿಯಂ ಪೊರೆಯಿಂದ. ಉಪ್ಪು ಮತ್ತು ಹುಳಿ ಕೂಡಿ ಗಂಟೆಗಟ್ಟಲೆ ನಿಂತರೆ ಆ ಪೊರೆ ಚುಕ್ಕಿ ಚುಕ್ಕಿಯಾಗಿ ಒಡೆಯುತ್ತದೆ. ಸೂಜಿ ಚುಚ್ಚಿದಂಥ ಕಪ್ಪು ತೂತುಗಳು ಬಿದ್ದರೆ ಆಮೇಲೆ ತುಕ್ಕು ಸಿಂಕಿನದ್ದೇ. ಟಾಯ್ಲೆಟ್ ತೊಳೆಯುವ ಆಸಿಡ್ ಇನ್ನೂ ಬೇಗ ಹೀಗೆ ಮಾಡುತ್ತದೆ.

ನಿಮ್ಮ ಉಂಗುರ ಬಾಣಲೆಯಿಂದ ಇಳಿದ ಕಬ್ಬಿಣ, ಸ್ಟೀಲಿನ ಮೇಲೆ ಕೂತದ್ದು. ಮೇಲೆ ಹೇಳಿದ ನೀರನ್ನೇ ದುಪ್ಪಟ್ಟು ಮಾಡಿ, ಅರ್ಧ ಲೀಟರಿಗೆ ಎರಡು ಚಮಚ. ಹಳೆ ಬಟ್ಟೆಯ ತುಂಡು ಅದ್ದಿ ಉಂಗುರದ ಮೇಲೆ ಹತ್ತು ನಿಮಿಷ ಹಾಸಿ. ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿ, ತುಂಬ ನೀರು ಬಿಟ್ಟು ತೊಳೆದು ಒರೆಸಿ. ಸ್ಟೀಲ್ ಜುಂಗಿನಿಂದ ಉಜ್ಜಬೇಡಿ, ಅದರ ಚೂರುಗಳು ಉಳಿದು ಮರುದಿನ ಬೆಳಿಗ್ಗೆ ಹೊಸ ಚುಕ್ಕಿಗಳಾಗುತ್ತವೆ. ಬಿಳಿ ಪಿಂಗಾಣಿ ಬೇಸಿನ್ನಿನಲ್ಲಿ ನಲ್ಲಿಯಡಿ ಬೀಳುವ ಕಂದು ಗೆರೆಗೂ ಇದೇ ಉಪಾಯ.

ಇನ್ನೊಂದು, ಕೆಲಸ ಮಾಡುವಾಗ ಕೆಳಗೆ ಕಾವಿ ನೆಲ ಇದ್ದರೆ ಜಾಗ್ರತೆ. ಕಾವಿಯ ಬಣ್ಣವೂ ಕಬ್ಬಿಣದ್ದೇ, ಕೆಳಗಿನ ಸಿಮೆಂಟಿನಲ್ಲಿ ಸುಣ್ಣವೂ ಉಂಟು. ಹನಿ ಬಿದ್ದು ಒಣಗಿದಲ್ಲಿ ಮಾಸಲು ಬಿಳಿ ಚುಕ್ಕೆ ನಿಲ್ಲುತ್ತದೆ.

ತೋಟದಗೇಟು, ಬದಿಯಡ್ಕ
ಮಾಡಿದೆ. ಅಂಗಳದಲ್ಲಿ ಬಿಸಿಲಿಗಿಟ್ಟೇ ಮಾಡಿದ್ದು. ಎರಡು ಕರೆ ಏಳು ನಿಮಿಷಕ್ಕೆ ಪೂರ್ತಿ ಮಾಯ, ನೀರು ಹೇಳಿದ ಹಾಗೆ ಹಳದಿ-ಹಸಿರಾಯಿತು. ಮೂರನೆಯದರಲ್ಲಿ ಕಂದು ಹೋಗಿ ತೆಳು ಹಳದಿ ಮಬ್ಬು ಉಳಿದಿದೆ, ನಡುವೆ ಬಟ್ಟೆ ಬಲೆಯ ಹಾಗೆ ಕಾಣುತ್ತದೆ. ಆಸಿಡ್ ತಿಂದಿತಾ? ಸಿಂಕು ಪೂರ್ತಿ ಸರಿಯಾಯಿತು.

ಸುರಂಗನೀರು, ಬಾಯಾರು
ಹತ್ತು ನಿಮಿಷದ ಆಸಿಡ್ ಹಾಗೆ ತಿನ್ನುವುದಿಲ್ಲ, ಅದು ಬ್ಲೀಚಿನ ಕೆಲಸ. ಬ್ಲೀಚ್ ಇರುವ ನೀರಿನಲ್ಲಿ ಕಬ್ಬಿಣ ಕಿಡಿಯ ಹಾಗೆ, ಅದು ಕೂತಲ್ಲೆಲ್ಲ ಹತ್ತಿ ಬೇಗ ಸವೆಯುತ್ತದೆ. ತೂತು ಮೊದಲೇ ಇತ್ತು, ತುಕ್ಕು ಅದನ್ನು ಮುಚ್ಚಿತ್ತು. ಕರೆ ತೆಗೆಯುವ ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಇದು ಗೊತ್ತಾಗುತ್ತದೆ, ನಾನು ಮೊದಲೇ ಹೇಳಬೇಕಿತ್ತು. ಹಳದಿ ಮಬ್ಬು ಬಿಸಿಲಿನದ್ದು ಅಂತ ಕಾಣುತ್ತದೆ. ಬೆಳಕು ಬಿದ್ದಾಗ ಕರಗಿದ ಕಬ್ಬಿಣ ರೂಪ ಬದಲಿಸುತ್ತದೆ. ಆ ಬದಲಾದ ಕಬ್ಬಿಣ ಆಕ್ಸಲೇಟಿನ ಜೊತೆ ಸೇರಿದರೆ ನೀರಿನಲ್ಲಿ ಕರಗದ ಹಳದಿ ಪುಡಿ. ನಿಂಬೆಗೆ ಬಿಸಿಲು, ಆಕ್ಸಾಲಿಕ್‌ಗೆ ನೆರಳು ಅಂತ ಇಟ್ಟುಕೊಳ್ಳಿ. ನೆರಳಿನಲ್ಲಿ ಹೊಸ ನೀರಿನಲ್ಲಿ ಇನ್ನೊಮ್ಮೆ ಐದು ನಿಮಿಷ, ಉಜ್ಜದೆ.

ಮುಳ್ಳೇರಿಯ ಮಳೆ
ಬಿಸಿಲಿನ ಮಾತು ನನಗೆ ಒಪ್ಪಿಗೆಯಿಲ್ಲ. ಬೆಳಕಿದ್ದರೆ ತುಕ್ಕು ಬೇಗ ಬಿಡುತ್ತದೆ, ಅವರ ಎರಡು ಕರೆ ಏಳೇ ನಿಮಿಷಕ್ಕೆ ಹೋದದ್ದೂ ಬಿಸಿಲಿನಲ್ಲೇ. ನೀರು ಸಾಕಷ್ಟಿದ್ದು ಬಟ್ಟೆ ಮುಳುಗಿಯೇ ಇದ್ದರೆ ಮಬ್ಬು ನಿಲ್ಲುವಷ್ಟು ಕಬ್ಬಿಣ ಇರುವುದಿಲ್ಲ. ಮೂರನೆಯದ್ದು ಮಗ್ಗಿನ ಅಂಚಿನಲ್ಲಿ ನೀರಿನಿಂದ ಮೇಲೆ ಎದ್ದು ಒಣಗಿರಬೇಕು.

ಸುರಂಗನೀರು, ಬಾಯಾರು
ಇರಬಹುದು. ಆದರೂ ಏಳು ನಿಮಿಷದ ಬದಲು ಹನ್ನೆರಡು ಆದರೆ ನಷ್ಟವೇನು? ನಾನು ನೆರಳೇ ಹೇಳುತ್ತೇನೆ.

ತೋಟದಗೇಟು, ಬದಿಯಡ್ಕ
ಹೌದು, ಒಂದು ಮೂಲೆ ಮಗ್ಗಿನ ಹೊರಗೆ ನೇತಾಡುತ್ತಿತ್ತು, ಅದು ಮೂರನೆಯದ್ದೇ ಅಂತ ಖಾತ್ರಿಯಿಲ್ಲ. ನೆರಳಿನಲ್ಲಿ ಇನ್ನೊಮ್ಮೆ ಮಾಡಿದೆ, ಮಬ್ಬು ಹೋಯಿತು, ತೂತು ಉಳಿಯಿತು. ಇನ್ನೊಂದು ವಿಷಯ: ಸರಿಗೆ ತೆಗೆದು ನೈಲಾನ್ ಹಗ್ಗ ಕಟ್ಟಿದ ಮೇಲೂ ಬೋರಿನ ನೀರಿನಲ್ಲಿ ಒಗೆದ ಬನಿಯನ್ನುಗಳಲ್ಲಿ ಸಣ್ಣ ಕಂದು ಚುಕ್ಕಿ ಬಂದಿದೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದು ಹಿಂದಿನ ದಿನ.

ಮುಳ್ಳೇರಿಯ ಮಳೆ
ಅಲ್ಲೇ ಉತ್ತರ ಉಂಟು. ಬೋರಿನ ನೀರಿನಲ್ಲಿ ಕರಗಿದ ಕಬ್ಬಿಣ ಕಣ್ಣಿಗೆ ಕಾಣುವುದಿಲ್ಲ, ಕ್ಲೋರಿನ್ ತಾಗಿದ ಕೂಡಲೇ ಕಂದು ಕಣವಾಗುತ್ತದೆ. ಪೌಡರ್ ಹಾಕಿದ ಮರುದಿನ ಒಗೆಯಬೇಡಿ, ಎರಡು ದಿನ ತಳ ಕೂರಲಿ, ಕೆಳಗಿನ ಅರ್ಧ ಅಡಿ ನೀರು ಹೊರಬಿಡಿ. ಬನಿಯನ್ನಿನ ಚುಕ್ಕಿಗೆ ನಿಂಬೆಯೇ ಸಾಕಾಗಬಹುದು, ಹೊಸ ಕರೆ ಅಲ್ವಾ.

ಪೆರ್ಲದವ
ಜರಿ ಅಂಚಿನ ಮುಂಡಿಗೆ ಏನು ಮಾಡುವುದು ಅಂತ ಯಾರೂ ಹೇಳಲಿಲ್ಲ.

ಸುರಂಗನೀರು, ಬಾಯಾರು
ಕರೆ ಜರಿಯಿಂದ ಒಂದು ಗೇಣು ದೂರ ಇದ್ದರೆ ಹತ್ತಿಯ ಭಾಗವನ್ನಷ್ಟೇ ಅದ್ದಿ, ಅಂಚನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಜರಿಯ ಮೇಲೇ ಕೂತಿದ್ದರೆ ನಾನಂತೂ ಕೈ ಹಾಕುವುದಿಲ್ಲ, ಅಗ್ಗದ ಜರಿಯೊಳಗೆ ತಾಮ್ರ ಇರುತ್ತದೆ, ಯಾವ ಹುಳಿಗೂ ಬಣ್ಣ ಕೆಡುತ್ತದೆ. ಜರಿಯ ಮೇಲಿನದನ್ನು ಸುರಕ್ಷಿತವಾಗಿ ತೆಗೆದವರು ಇದ್ದರೆ ಹೇಳಿ.