ಮಿತಿಗಳ ಪ್ಯಾರಾವನ್ನು ಹೇಗೆ ಬರೆಯಬೇಕು? ಅನುಭವವಿರುವವರು ತಿಳಿಸಿ

ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿ:
ತಾಲ್ಲೂಕು ಆಸ್ಪತ್ರೆಯ ತಪಾಸಣೆಗೆ ಬಂದ 240 ಗರ್ಭಿಣಿಯರ ರಕ್ತಹೀನತೆಯ ಬಗ್ಗೆ ನನ್ನ ಪ್ರಬಂಧ. 132 ಮಂದಿಗೆ ರಕ್ತಹೀನತೆ ಇತ್ತು. ಕಬ್ಬಿಣಾಂಶದ ಮಾತ್ರೆಯನ್ನು ನಿಯಮಿತವಾಗಿ ನುಂಗುತ್ತೇವೆ ಎಂದ 140 ಮಂದಿಯಲ್ಲಿ 64, ಇಲ್ಲವೆಂದ 100 ಮಂದಿಯಲ್ಲಿ 68. ಮಿತಿಗಳ ಪ್ಯಾರಾ ಹೀಗಿದೆ: "ಮಾದರಿ ಚಿಕ್ಕದು. ಅಧ್ಯಯನ ಒಂದೇ ಆಸ್ಪತ್ರೆಯಲ್ಲಿ ನಡೆದಿದೆ. ಮಾತ್ರೆಯ ಮಾಹಿತಿ ಬಾಯಿಮಾತಿನದು. ಕಾರಣ-ಪರಿಣಾಮ ಹೇಳಲಾಗದು. ಆದ್ದರಿಂದ ಫಲಿತಾಂಶಗಳನ್ನು ಎಚ್ಚರಿಕೆಯಿಂದ ನೋಡಬೇಕು." ಇದನ್ನು ಓದಿದ ಸಹಪಾಠಿ, "ಹಾಗಾದರೆ ಅಧ್ಯಯನ ಏಕೆ ಮಾಡಿದೆ?" ಎಂದು ಕೇಳಿದಳು. ಏನನ್ನೂ ಮುಚ್ಚಿಡುವ ಇಚ್ಛೆ ನನಗಿಲ್ಲ. ಹೇಗೆ ತಿದ್ದಲಿ?

ಸಂಖ್ಯಾಶಾಸ್ತ್ರ ಉಪನ್ಯಾಸಕ:
ಬಾಯಿಮಾತಿನ ಮಾಹಿತಿಗೆ ನೀವು ಹೆದರಬೇಕಾಗಿಲ್ಲ. ನುಂಗದವರೂ ನುಂಗಿದ್ದೇವೆ ಎಂದು ಹೇಳುವುದರಿಂದ ಎರಡು ಗುಂಪುಗಳ ನಡುವಿನ ಅಂತರ ಕುಗ್ಗುತ್ತದೆಯೇ ಹೊರತು ಹಿಗ್ಗುವುದಿಲ್ಲ. ಆದ್ದರಿಂದ "ನಿಜವಾದ ಸಂಬಂಧ ಇದಕ್ಕಿಂತ ಬಲವಾಗಿದೆ" ಎಂದು ಧೈರ್ಯವಾಗಿ ಬರೆಯಿರಿ. ಮಾದರಿ ಚಿಕ್ಕದು ಎಂಬ ವಾಕ್ಯ ಎಲ್ಲ ಪ್ರಬಂಧಗಳಲ್ಲಿಯೂ ಇರುವಂಥದ್ದು, ಅದು ಹಾಗೆಯೇ ಇರಲಿ.

ಸಮುದಾಯ ವೈದ್ಯಶಾಸ್ತ್ರದ ಪ್ರಾಧ್ಯಾಪಕಿ:
ಪ್ಯಾರಾದಲ್ಲಿರುವ ಮಿತಿಗಳು ನಿಜವಾದವು. ಆದರೆ ಯಾವ ಮಿತಿಯಿಂದ ಯಾವ ಫಲಿತಾಂಶಕ್ಕೆ, ಯಾವ ದಿಕ್ಕಿನಲ್ಲಿ, ಸುಮಾರು ಎಷ್ಟು ಪೆಟ್ಟು ಬೀಳುತ್ತದೆ ಎಂಬುದನ್ನು ಎಲ್ಲಿಯೂ ಹೇಳಿಲ್ಲದ ಕಾರಣ, ಓದುವವರು ಎಲ್ಲ ಫಲಿತಾಂಶಗಳನ್ನೂ ಒಟ್ಟಾಗಿ ಸಂಶಯಿಸುತ್ತಾರೆ. ವೀಕ್ಷಣಾ ಅಧ್ಯಯನಗಳನ್ನು ವರದಿ ಮಾಡುವ ಬಗ್ಗೆ 2007ರಲ್ಲಿ ಪ್ರಕಟವಾದ ಸ್ಟ್ರೋಬ್ ಮಾರ್ಗಸೂಚಿಯ 19ನೆಯ ಅಂಶವೂ ದಿಕ್ಕು ಮತ್ತು ಪ್ರಮಾಣ ಎರಡನ್ನೂ ಚರ್ಚಿಸುವಂತೆ ಕೇಳುತ್ತದೆ.

ಮೊದಲಿಗೆ "ಮಾದರಿ ಚಿಕ್ಕದು" ಎಂಬುದನ್ನು ತೆಗೆದುಬಿಡಿ. 240 ಮಂದಿಯಲ್ಲಿ ಶೇ 55 ಎಂದರೆ ಹೆಚ್ಚುಕಡಿಮೆ ಆರು ಶೇಕಡಾ ಅಂಶಗಳ ಅನಿಶ್ಚಿತತೆ; ಅಂದರೆ ಸುಮಾರು 49ರಿಂದ 61ರವರೆಗೆ. ಇದನ್ನು ಫಲಿತಾಂಶದ ಜೊತೆಯಲ್ಲಿಯೇ ಬರೆದರೆ ಮಾದರಿ ಎಷ್ಟು ಚಿಕ್ಕದು ಎಂಬುದು ಓದುವವರಿಗೆ ತಾನಾಗಿ ಗೊತ್ತಾಗುತ್ತದೆ. ನಿಮ್ಮ ನಿಜವಾದ ತೊಡಕು ಮಾದರಿಯ ಗಾತ್ರಕ್ಕಿಂತ ಅದನ್ನು ಆರಿಸಿದ ರೀತಿಯಲ್ಲಿದೆ: ತಪಾಸಣೆಗೆ ಬಾರದವರು ನಿಮ್ಮ ಲೆಕ್ಕದಲ್ಲಿಲ್ಲ, ಆದರೆ ತೊಂದರೆಯಿದೆ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದವರು ಕಳುಹಿಸಿದವರು ಇದ್ದಾರೆ. ಮೊದಲನೆಯದು ಅಂಕಿಯನ್ನು ಇಳಿಸಿರಬಹುದು, ಎರಡನೆಯದು ಏರಿಸಿರಬಹುದು. 2,400 ಮಂದಿಯನ್ನು ಅದೇ ಬಾಗಿಲಲ್ಲಿ ನಿಂತು ಎಣಿಸಿದ್ದರೂ ಈ ತೊಡಕು ಉಳಿಯುತ್ತಿತ್ತು. ಆದ್ದರಿಂದ ಶೇ 55 ಎಂಬುದು ಈ ಆಸ್ಪತ್ರೆಗೆ ಬಂದವರ ಅಂಕಿ, ತಾಲ್ಲೂಕಿನ ಅಂಕಿ ಅಲ್ಲ ಎಂದು ನೇರವಾಗಿ ಬರೆಯಿರಿ. ಆಸ್ಪತ್ರೆಯವರು ತಮ್ಮಲ್ಲಿ ಎಷ್ಟು ಮಂದಿಗೆ ಚಿಕಿತ್ಸೆ ಬೇಕಾಗುತ್ತದೆ ಎಂದು ಯೋಜಿಸಲು ಬೇಕಾಗಿರುವುದು ಆ ಅಂಕಿಯೇ, ಅದನ್ನೂ ಬರೆಯಿರಿ.

ಮಾತ್ರೆಯ ವಿಷಯದಲ್ಲಿ ಉಪನ್ಯಾಸಕರು ಹೇಳಿದ್ದು ಅರ್ಧ ಸರಿ. ನುಂಗುತ್ತೇವೆ ಎಂದ 140ರಲ್ಲಿ 20 ಮಂದಿ ನಿಜವಾಗಿ ನುಂಗುತ್ತಿರಲಿಲ್ಲ, ಅವರಲ್ಲಿಯೂ ಉಳಿದ ನುಂಗದವರಂತೆ ಸುಮಾರು 14 ಮಂದಿಗೆ ರಕ್ತಹೀನತೆ ಇತ್ತು ಎಂದುಕೊಳ್ಳಿ. ಅವರನ್ನು ಆಚೆ ಗುಂಪಿಗೆ ಸೇರಿಸಿದರೆ ನುಂಗುವವರಲ್ಲಿ 120ಕ್ಕೆ 50, ನುಂಗದವರಲ್ಲಿ 120ಕ್ಕೆ 82 ಆಗುತ್ತದೆ. ಅಂತರ 22 ಶೇಕಡಾ ಅಂಶಗಳಿಂದ ಸುಮಾರು 27ಕ್ಕೆ ಏರುತ್ತದೆ. ಆದರೆ ಇದು ನಿಲ್ಲುವುದು ರಕ್ತಹೀನತೆ ಇದ್ದವರೂ ಇಲ್ಲದವರೂ ಒಂದೇ ಪ್ರಮಾಣದಲ್ಲಿ ತಪ್ಪು ಹೇಳಿದ್ದರೆ ಮಾತ್ರ. ತನಗೆ ರಕ್ತ ಕಡಿಮೆಯಿದೆ ಎಂದು ಮೊದಲೇ ಗೊತ್ತಿದ್ದ ಹೆಂಗಸು, ಅದಕ್ಕೆ ಕಾರಣ ಹುಡುಕುತ್ತಾ "ಮಾತ್ರೆ ಸರಿಯಾಗಿ ನುಂಗಲಿಲ್ಲ" ಎಂದು ಬೇರೆಯವರಿಗಿಂತ ಸುಲಭವಾಗಿ ಒಪ್ಪಿಕೊಂಡರೆ ಅಂತರ ಸುಳ್ಳಾಗಿ ಹಿಗ್ಗುತ್ತದೆ. ಹಾಗಾಗಿ "ಇದಕ್ಕಿಂತ ಬಲವಾಗಿದೆ" ಎಂದು ಖಡಾಖಂಡಿತವಾಗಿ ಬರೆಯಲು ಬರುವುದಿಲ್ಲ. ಪ್ರಶ್ನೆ ಕೇಳಿದ್ದು ರಕ್ತ ಪರೀಕ್ಷೆಗೆ ಮುಂಚೆಯೋ, ಆಮೇಲೆಯೋ?

ಜಾನಪದ ಸಂಶೋಧಕ:
ನನ್ನ ಪಿಎಚ್.ಡಿ.ಯಲ್ಲಿ ಇದನ್ನು ಮೊದಲ ಅಧ್ಯಾಯದಲ್ಲಿಯೇ ಬರೆದು ಮುಗಿಸಿದೆ. ಒಂದು ಸಮುದಾಯದ ಸೋಬಾನೆ ಪದಗಳನ್ನು ಮಾತ್ರ ಆರಿಸಿಕೊಂಡಿದ್ದೇನೆ, ಬೀಸುವ ಪದಗಳನ್ನು ಬಿಟ್ಟಿದ್ದೇನೆ ಎಂದು "ವ್ಯಾಪ್ತಿ ಮತ್ತು ಮಿತಿ" ಎಂಬ ಉಪಶೀರ್ಷಿಕೆಯಲ್ಲಿ ಹೇಳಿದ ಮೇಲೆ ಯಾರೂ ಪ್ರಶ್ನಿಸಲಿಲ್ಲ. ನೀವೂ ಹಾಗೆಯೇ ಮಾಡಬಹುದು.

ಪ್ರಾಧ್ಯಾಪಕಿ:
ಸರ್, ನೀವು ಬರೆದದ್ದು ನೀವೇ ಹಾಕಿಕೊಂಡ ಗಡಿ. ಈ ವಿದ್ಯಾರ್ಥಿನಿ ಕೇಳುತ್ತಿರುವುದು ಮಾಹಿತಿ ಕೈಗೆ ಬಂದ ಮೇಲೆ ಅದರಲ್ಲಿ ಉಳಿದುಕೊಂಡ ಅನುಮಾನದ ಬಗ್ಗೆ. ಅದು ಫಲಿತಾಂಶದ ಚರ್ಚೆಯಲ್ಲಿಯೇ ಬರಬೇಕು.

ಹೆರಿಗೆ ವಿಭಾಗದ ಹಿರಿಯ ಶುಶ್ರೂಷಾಧಿಕಾರಿ:
ಮೇಡಂ ಕೇಳಿದ ಪ್ರಶ್ನೆಗೆ ಒಂದು ಮಾತು ಸೇರಿಸುತ್ತೇನೆ. ಬೆರಳು ಚುಚ್ಚುವ ಮುಂಚೆ ಕೇಳಿದ್ದರೂ, ಹಿಂದಿನ ತಪಾಸಣೆಯ ಹಿಮೋಗ್ಲೋಬಿನ್ ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ ಮತ್ತು ಬಹಳ ಮಂದಿಗೆ ಅದು ಬಾಯಿಪಾಠವಾಗಿರುತ್ತದೆ. ಕಡಿಮೆ ಬಂದವರಿಗೆ ದಿನಕ್ಕೆ ಒಂದರ ಬದಲು ಎರಡು ಮಾತ್ರೆ ಕೊಡುತ್ತೇವೆ. ಹೀಗಾಗಿ ಇಂದು ನಿಯಮಿತವಾಗಿ ನುಂಗುತ್ತಿರುವ ಕೆಲವರು ರಕ್ತ ಕಡಿಮೆಯಿದೆ ಎಂದು ತಿಳಿದ ಮೇಲೆಯೇ ಶುರು ಮಾಡಿದವರಾಗಿರುತ್ತಾರೆ. ಅತ್ತೆ ಪಕ್ಕದಲ್ಲಿ ಕುಳಿತಿದ್ದಾಗ "ನುಂಗುತ್ತೇನೆ" ಎಂದವರು, ಒಬ್ಬರೇ ಇದ್ದಾಗ ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ, ಅದಕ್ಕೆ ಬಿಟ್ಟೆ ಎನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಉತ್ತರ ಕೇಳಿದಾಗ ಪಕ್ಕದಲ್ಲಿ ಯಾರಿದ್ದರು ಎಂಬುದನ್ನು ನೀವು ಗುರುತು ಹಾಕಿಕೊಂಡಿದ್ದರೆ ಅದನ್ನೂ ಬರೆಯಿರಿ.

ವಿದ್ಯಾರ್ಥಿನಿ:
ಪರೀಕ್ಷೆಗೆ ಮುಂಚೆಯೇ ಕೇಳಿದ್ದೆ, ಆದರೆ ತಾಯಿ ಕಾರ್ಡಿನ ಹಿಂದಿನ ಅಂಕಿಯನ್ನು ಬರೆದುಕೊಂಡಿಲ್ಲ. ಪಕ್ಕದಲ್ಲಿ ಯಾರಿದ್ದರು ಎಂಬುದನ್ನೂ ಗುರುತಿಸಿಲ್ಲ. ತಿದ್ದಿದ ಪ್ಯಾರಾ ಇದು:

"ಶೇ 55 ಎಂಬ ಅಂಕಿ ಈ ಆಸ್ಪತ್ರೆಯ ತಪಾಸಣೆಗೆ ಬಂದವರದು, ತಪಾಸಣೆಗೆ ಬಾರದವರೂ ಬೇರೆಡೆಯಿಂದ ಕಳುಹಿಸಲ್ಪಟ್ಟವರೂ ಇದನ್ನು ಎರಡು ದಿಕ್ಕಿಗೆ ಎಳೆದಿರಬಹುದಾದ್ದರಿಂದ ಇಡೀ ತಾಲ್ಲೂಕಿಗೆ ಅನ್ವಯಿಸುವುದಿಲ್ಲ, ಆದರೆ ಆಸ್ಪತ್ರೆಯ ಯೋಜನೆಗೆ ಬಳಸಬಹುದು. ಮಾತ್ರೆ ಸೇವನೆಯನ್ನು ಗರ್ಭಿಣಿಯರ ಮಾತಿನಿಂದಲೇ ತಿಳಿಯಲಾಗಿದೆ. ಆ ದಿನದ ರಕ್ತ ಪರೀಕ್ಷೆಗೆ ಮುಂಚೆಯೇ ಪ್ರಶ್ನೆ ಕೇಳಿದ್ದರಿಂದ ಅಂದಿನ ಫಲಿತಾಂಶ ಉತ್ತರವನ್ನು ಪ್ರಭಾವಿಸಿಲ್ಲ. ಹಿಂದಿನ ತಪಾಸಣೆಯ ಅಂಕಿ ಪ್ರಭಾವಿಸಿರಬಹುದು. ನುಂಗದವರು ನುಂಗಿದ್ದೇವೆ ಎಂದಿದ್ದರೆ ನಿಜವಾದ ಅಂತರ ಇಲ್ಲಿ ಕಂಡದ್ದಕ್ಕಿಂತ ದೊಡ್ಡದಿರಬಹುದು. ರಕ್ತಹೀನತೆ ತಿಳಿದ ಮೇಲೆ ಮಾತ್ರೆ ಶುರು ಮಾಡಿದವರಿದ್ದರೂ ಅಂತರ ಕುಗ್ಗಿಯೇ ಕಂಡಿರುತ್ತದೆ. ಆದ್ದರಿಂದ ಈ ಅಧ್ಯಯನ ಮಾತ್ರೆ ಸೇವನೆಗೂ ರಕ್ತಹೀನತೆಗೂ ಸಂಬಂಧವಿದೆ ಎಂದು ತೋರಿಸುತ್ತದೆ. ಮಾತ್ರೆಯಿಂದಲೇ ರಕ್ತಹೀನತೆ ಎಷ್ಟು ಇಳಿಯಿತು ಎಂದು ಹೇಳುವುದಿಲ್ಲ."

ಪ್ರಾಧ್ಯಾಪಕಿ:
ಕೊನೆಯ ಎರಡು ವಾಕ್ಯಗಳು ಚೆನ್ನಾಗಿವೆ, ಏಕೆಂದರೆ ಏನು ಉಳಿಯಿತು ಎಂಬುದೂ ಅವುಗಳಲ್ಲಿದೆ. ಒಂದು ಕೊರತೆ ಮಾತ್ರ ಇದೆ. ಅಂತರ ಕುಗ್ಗಿರಬಹುದಾದ ಎರಡು ಕಾರಣಗಳನ್ನು ವಿವರಿಸಿದ್ದೀರಿ, ಹಿಗ್ಗಿರಬಹುದಾದ ಕಾರಣವನ್ನು "ಪ್ರಭಾವಿಸಿರಬಹುದು" ಎಂಬ ಒಂದೇ ಪದದಲ್ಲಿ ದಾಟಿದ್ದೀರಿ. "ರಕ್ತ ಕಡಿಮೆಯಿದೆ ಎಂದು ಗೊತ್ತಿದ್ದವರು ಮಾತ್ರೆ ಬಿಟ್ಟದ್ದನ್ನು ಹೆಚ್ಚಾಗಿ ಒಪ್ಪಿಕೊಂಡಿದ್ದರೆ ಅಂತರ ನಿಜಕ್ಕಿಂತ ದೊಡ್ಡದಾಗಿ ಕಂಡಿರಬಹುದು" ಎಂದು ಸೇರಿಸಿ. ತನಗೆ ಅನುಕೂಲವಾದ ದಿಕ್ಕನ್ನು ಮಾತ್ರ ವಿವರಿಸಿದರೆ ಮೌಲ್ಯಮಾಪಕರು ತಕ್ಷಣ ಗುರುತಿಸುತ್ತಾರೆ. ಆ 20 ಮಂದಿಯ ಲೆಕ್ಕವನ್ನೂ ಫಲಿತಾಂಶದ ಅಧ್ಯಾಯದಲ್ಲಿ ಕೊಡಿ.

ಉಪನ್ಯಾಸಕ:
ಹಿಗ್ಗುವ ಸಾಧ್ಯತೆಯನ್ನು ನಾನು ಯೋಚಿಸಿರಲಿಲ್ಲ, ಒಪ್ಪುತ್ತೇನೆ. ಆದರೆ 20 ಎಂಬುದು ಊಹೆಯ ಸಂಖ್ಯೆ. ಅದನ್ನು ನಿಜವಾದ ಫಲಿತಾಂಶಗಳ ನಡುವೆ ಇಟ್ಟರೆ ಓದುವವರು ಅಳೆದ ಅಂಕಿ ಎಂದುಕೊಳ್ಳುತ್ತಾರೆ. ಕೊಡುವುದಾದರೆ 10, 20, 30 ಎಂದು ಮೂರು ಊಹೆಗಳಿಗೂ ಲೆಕ್ಕ ಮಾಡಿ, ಅನುಬಂಧದಲ್ಲಿ ಕೊಡುವುದು ಸರಿ ಎಂದು ನನ್ನ ಅಭಿಪ್ರಾಯ.

ಪ್ರಾಧ್ಯಾಪಕಿ:
ಮೂರು ಊಹೆಗಳಿಗೆ ಲೆಕ್ಕ ಮಾಡುವುದು ಒಳ್ಳೆಯದು. ಆದರೆ ಅನುಬಂಧವನ್ನು ಯಾರೂ ತೆರೆಯುವುದಿಲ್ಲ ಎಂಬ ನನ್ನ ಅಳುಕು ಉಳಿದೇ ಇದೆ. ಎಲ್ಲಿ ಇಡಬೇಕೆಂದು ನಿಮ್ಮ ಮಾರ್ಗದರ್ಶಕರನ್ನು ಕೇಳಿ ತೀರ್ಮಾನಿಸಿ.