ಸಕ್ಕರೆ ಬಿಟ್ಟು ಬೆಲ್ಲ ಹಿಡಿದ ಮೇಲೆ ಶುಗರ್ ಏರಿದ್ದು ಯಾಕೆ?

ಪ್ರಶ್ನೆ (ಮಂಡ್ಯದಿಂದ)

ಮೇಡಂ, ನಮ್ಮಪ್ಪನಿಗೆ 61 ವರ್ಷ. ಶುಗರ್ ಬಂದು ಬಹಳ ವರ್ಷ ಆಯಿತು. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇರಿರುವ ಮಾತ್ರೆ ದಿನಕ್ಕೆ ಎರಡು ತಗೊಳ್ಳುತ್ತಾರೆ. ಆರು ತಿಂಗಳ ಹಿಂದೆ ಸಕ್ಕರೆ ಪೂರ್ತಿ ಬಿಟ್ಟು ಬೆಲ್ಲಕ್ಕೆ ಬಂದರು. ಅದೂ ಕೆಮಿಕಲ್ ಹಾಕದ ಕಪ್ಪು ಬೆಲ್ಲ. ಆಗ ಎಚ್‌ಬಿಎ1ಸಿ 7.2 ಇತ್ತು, ಈಗ 8.4 ಬಂದಿದೆ. ಖಾಲಿ ಹೊಟ್ಟೆಯಲ್ಲಿ 132, ಊಟವಾಗಿ ಎರಡು ಗಂಟೆಗೆ 251. ಮಾತ್ರೆ ಕೆಲಸ ಮಾಡುತ್ತಿಲ್ಲವಾ? ತಾಟಿ ಬೆಲ್ಲಕ್ಕೆ ಬದಲಾಯಿಸಿ ನೋಡಲಾ?

ಡಯೆಟಿಷಿಯನ್

ಮಾತ್ರೆಯ ಮಾತು ಆಮೇಲೆ. ಮೊದಲು ಎರಡು ವಿಷಯ ಹೇಳಿ. ಮನೆಗೆ ತಿಂಗಳಿಗೆ ಎಷ್ಟು ಕೆಜಿ ಬೆಲ್ಲ ತರುತ್ತೀರಿ? ಅಪ್ಪ ಯಾವ ಯಾವ ಹೊತ್ತಿನಲ್ಲಿ ಎಷ್ಟು ತಿನ್ನುತ್ತಾರೆ? 'ಸ್ವಲ್ಪ' ಅಂತ ಬೇಡ. ತಕ್ಕಡಿ ಇದ್ದರೆ ತೂಕ ಮಾಡಿ ಹೇಳಿ.

ಪ್ರಶ್ನೆ ಕೇಳಿದವರು

ತಿಂಗಳಿಗೆ 3 ಕೆಜಿ ಬರುತ್ತದೆ. ಮನೆಯಲ್ಲಿ ಮೂರು ಜನ. ಅಪ್ಪ ದಿನಕ್ಕೆ ಮೂರು ಕಾಫಿ ಕುಡಿಯುತ್ತಾರೆ, ಒಂದೊಂದಕ್ಕೂ ಎರಡು ಚಮಚ ಬೆಲ್ಲದ ಪುಡಿ. ತುಂಬಿದ ಚಮಚ 6 ಗ್ರಾಂ ತೂಗಿತು. ಮಧ್ಯಾಹ್ನ, ರಾತ್ರಿ ಊಟ ಆದ ಮೇಲೆ ಬಾಯಿಗೆ ಒಂದೊಂದು ತುಂಡು. ಆ ತುಂಡು 15 ಗ್ರಾಂ ಇದೆ, ನನಗೇ ಆಶ್ಚರ್ಯ ಆಯಿತು. ಮುಂಚೆ ಸಕ್ಕರೆ ಇದ್ದಾಗ ಬೆಳಗ್ಗೆ, ಸಂಜೆ ಕಾಫಿಗೆ ಒಂದೊಂದು ಚಮಚ ಅಷ್ಟೇ. ಅದಕ್ಕೂ ಅಮ್ಮ ಬೈಯುತ್ತಿದ್ದರು.

ಡಯೆಟಿಷಿಯನ್

ಈಗ ಲೆಕ್ಕ ಹಾಕೋಣ. ಕಾಫಿಗೆ 36 ಗ್ರಾಂ, ಊಟದ ಮೇಲಿನ ತುಂಡುಗಳು 30 ಗ್ರಾಂ. ಒಟ್ಟು 66 ಗ್ರಾಂ. ತಿಂಗಳಿಗೆ ಸುಮಾರು 2 ಕೆಜಿ ಆಯಿತು. ಮನೆಗೆ 3 ಕೆಜಿ ಬರುತ್ತದೆ ಅಂದಿರಿ, ಲೆಕ್ಕ ಸರಿಹೋಯಿತು.

100 ಗ್ರಾಂ ಬೆಲ್ಲದಲ್ಲಿ ಸುಮಾರು 85 ಗ್ರಾಂ ಸಕ್ಕರೆಯ ಅಂಶವೇ. ಉಳಿದದ್ದರಲ್ಲಿ ಹೆಚ್ಚಿನ ಪಾಲು ನೀರು, ಜೊತೆಗೆ ಒಂದಷ್ಟು ಖನಿಜ. ಅಂದರೆ ಅಪ್ಪನ 66 ಗ್ರಾಂ ಬೆಲ್ಲದಲ್ಲಿ 56 ಗ್ರಾಂ ಸಕ್ಕರೆ ಇದೆ. ಮುಂಚಿನ ಎರಡು ಚಮಚಕ್ಕೆ 10 ಗ್ರಾಂ ಹಿಡಿಯೋಣ. ಸಕ್ಕರೆ ಬಿಟ್ಟೆ ಅಂದುಕೊಂಡೇ ಅವರು ಐದು ಪಟ್ಟಿಗಿಂತ ಜಾಸ್ತಿ ಸಕ್ಕರೆ ತಿನ್ನುತ್ತಿದ್ದಾರೆ.

ನನ್ನ ಹತ್ತಿರ ಬರುವವರಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಸಕ್ಕರೆ ಡಬ್ಬಿ ಮುಟ್ಟಿದರೆ ಮನೆಯವರೆಲ್ಲ ತಿರುಗಿ ನೋಡುತ್ತಾರೆ. ಬೆಲ್ಲದ ಡಬ್ಬಿಗೆ ಆ ಕಾವಲು ಇಲ್ಲ. ಬೆಲ್ಲಕ್ಕೆ ಸಿಹಿಯೂ ಸಕ್ಕರೆಗಿಂತ ಸ್ವಲ್ಪ ಕಡಿಮೆ, ಹಾಗಾಗಿ ಅದೇ ರುಚಿಗೆ ಜಾಸ್ತಿ ಹಾಕಬೇಕಾಗುತ್ತದೆ. ತುಂಡಿಗಂತೂ ಅಳತೆಯೇ ಇಲ್ಲ.

ಅಪ್ಪನ ರಿಪೋರ್ಟಿನಲ್ಲೂ ಇದರ ಗುರುತಿದೆ. ಖಾಲಿ ಹೊಟ್ಟೆಯ 132 ಅಷ್ಟೇನೂ ಕೆಟ್ಟದ್ದಲ್ಲ. ಹಾರಿರುವುದು ಊಟದ ನಂತರದ್ದು. ಅನ್ನ ತಿಂದು, ಅದರ ಬೆನ್ನಿಗೇ 15 ಗ್ರಾಂ ಬೆಲ್ಲ ಹೋದರೆ ಎರಡು ಗಂಟೆಗೆ ಹೀಗೆ ಕಾಣುವುದು ಸಹಜ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಈಗಿನ 8.4 ಪೂರ್ತಿ ಬೆಲ್ಲದ ಕಾಲದ್ದೇ. ಹಾಗಂತ ಏರಿದ್ದಕ್ಕೆಲ್ಲ ಬೆಲ್ಲವೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ನಡಿಗೆ ನಿಂತಿದೆಯಾ, ಮಾತ್ರೆ ತಪ್ಪಿದೆಯಾ ಅಂತಲೂ ನೋಡಬೇಕು.

ತಾಟಿ ಬೆಲ್ಲ ಬೇಡ. ಮರ ಬೇರೆ ಅಷ್ಟೇ, ಅದರಲ್ಲೂ ಇರುವುದು ಮುಖ್ಯವಾಗಿ ಅದೇ ಸಕ್ಕರೆ.

ಆಲೆಮನೆ ನಡೆಸುವವರೊಬ್ಬರು

ಮೇಡಂ, ನಮ್ಮಪ್ಪನ ಕಾಲದಿಂದ ಆಲೆಮನೆ ನಡೆಸುತ್ತಿದ್ದೇವೆ. ನೀವು ಎಲ್ಲ ಬೆಲ್ಲವನ್ನೂ ಒಂದೇ ಅಂದುಬಿಟ್ಟಿರಿ, ಅದು ಸರಿಯಲ್ಲ. ಈಗ ಕೆಲವು ಕಡೆ ಕೊಪ್ಪರಿಗೆಗೆ ಮೂಟೆಗಟ್ಟಲೆ ಸಕ್ಕರೆ ಸುರಿಯುತ್ತಾರೆ. ಅಚ್ಚು ಗಟ್ಟಿ ಬರಲಿ, ನೋಡೋಕೆ ಚೆನ್ನಾಗಿರಲಿ ಅಂತ. ಬಣ್ಣ ತಿಳಿಯಾಗಲಿ ಅಂತ ಹೈಡ್ರೋಸ್ ಹಾಕುತ್ತಾರೆ. ಆ ಹಳದಿ ಬೆಲ್ಲ ತಿಂದರೆ ಶುಗರ್ ಏರದೆ ಇನ್ನೇನು? ನಾವು ಬೆಂಡೆ ಗಿಡದ ಲೋಳೆ, ಸ್ವಲ್ಪ ಸುಣ್ಣ ಹಾಕಿ ಕೊಳೆ ತೆಗೆಯುತ್ತೇವೆ. ಬೇರೇನೂ ಇಲ್ಲ. ಅಂಥ ಬೆಲ್ಲ ಶುಗರ್ ಇರುವವರೂ ಧಾರಾಳವಾಗಿ ತಿನ್ನಬಹುದು. ನಮ್ಮ ತಾತ ದಿನಾ ಅಂಗೈಯಗಲ ತಿನ್ನುತ್ತಿದ್ದರು, ಏನೂ ಆಗಲಿಲ್ಲ.

ಡಯೆಟಿಷಿಯನ್

ಹೈಡ್ರೋಸ್ ವಿಷಯದಲ್ಲಿ ನೀವು ಹೇಳಿದ್ದು ಸರಿ ಗೌಡ್ರೆ. ಬೆಲ್ಲ ಕೊಳ್ಳುವುದೇ ಆದರೆ ನಿಮ್ಮಂಥವರ ಹತ್ತಿರ ಕೊಳ್ಳುವುದು ಒಳ್ಳೆಯದು. ಆದರೆ ನಿಮ್ಮ ಕೊಪ್ಪರಿಗೆಯನ್ನೇ ತಗೊಳ್ಳಿ. ಕಬ್ಬಿನ ಹಾಲಿನಿಂದ ನೀವು ತೆಗೆಯುವುದು ಏನು? ನೀರನ್ನು ಆವಿ ಮಾಡುತ್ತೀರಿ, ಕೊಳೆಯನ್ನು ಎತ್ತಿ ಹಾಕುತ್ತೀರಿ. ಹಾಲಿನಲ್ಲಿದ್ದ ಸಕ್ಕರೆ ಎಲ್ಲಿಗೂ ಹೋಗುವುದಿಲ್ಲ, ಗಟ್ಟಿಯಾಗಿ ಅಚ್ಚಿಗೆ ಬರುತ್ತದೆ. ಕಾಯಿಸುವಾಗ ಅದರಲ್ಲಿ ಒಂದು ಪಾಲು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿರುತ್ತದೆ. ಮಳೆಗಾಲದಲ್ಲಿ ಬೆಲ್ಲ ಬೆವರಿ ಅಂಟಂಟಾಗುತ್ತದಲ್ವಾ, ಅದಕ್ಕೆ ಈ ಒಡೆದ ಸಕ್ಕರೆಯೂ ಒಂದು ಕಾರಣ. ಸಕ್ಕರೆಯನ್ನು ಹೊಟ್ಟೆಯಲ್ಲಿ ಒಡೆಯಬೇಕು. ಬೆಲ್ಲದಲ್ಲಿ ಸ್ವಲ್ಪ ಭಾಗ ಒಡೆದೇ ಬಂದಿರುತ್ತದೆ. ಹಾಗಿರುವಾಗ ಬೆಲ್ಲ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ ಅಂತ ಹಲವರು ಹೇಳುತ್ತಾರಲ್ಲ, ಅದಕ್ಕೆ ಆಧಾರ ಎಲ್ಲಿದೆ? ನಿಧಾನ ಮಾಡುವ ನಾರೂ ಅದರಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. ಅದೆಲ್ಲ ಕಬ್ಬಿನ ಸಿಪ್ಪೆಯಲ್ಲೇ ಉಳಿಯಿತು.

ಬೆಲ್ಲದ ಬಣ್ಣ ನೋಡಿ ಕೆಮಿಕಲ್ ಬಗ್ಗೆ ಏನಾದರೂ ಊಹಿಸಬಹುದು. ಶುಗರ್ ಎಷ್ಟು ಏರಿಸುತ್ತದೆ ಅನ್ನುವುದನ್ನು ಊಹಿಸಲು ಆಗುವುದಿಲ್ಲ.

ತಾತನವರು ಗದ್ದೆಯಲ್ಲಿ ದಿನವಿಡೀ ದುಡಿದವರು. ತಿಂದದ್ದನ್ನು ಮೈ ಬಳಸಿಕೊಳ್ಳುತ್ತಿತ್ತು. ಅವರಿಗೆ ಶುಗರ್ ಇತ್ತೋ ಇಲ್ಲವೋ, ಯಾರಾದರೂ ಪರೀಕ್ಷೆ ಮಾಡಿಸಿದ್ದರಾ?

ಆಲೆಮನೆ ನಡೆಸುವವರು

ಪರೀಕ್ಷೆ ಎಲ್ಲಿ ಬಂತು ಆಗ. ಆದರೂ ಸಕ್ಕರೆಯೂ ಬೆಲ್ಲವೂ ಒಂದೇ ಅಂದರೆ ನಾನು ಒಪ್ಪಲ್ಲ. ಕಬ್ಬಿಣ, ಕ್ಯಾಲ್ಸಿಯಂ ಅದರಲ್ಲಿ ಇದೆ, ಸಕ್ಕರೆಯಲ್ಲಿ ಇಲ್ಲ.

ಹಾಸನದಿಂದ ಒಬ್ಬರು

ಅದೇ ನನ್ನ ಪ್ರಶ್ನೆಯೂ. ನನ್ನ ಮಗಳಿಗೆ 14 ವರ್ಷ, ರಕ್ತ ಕಡಿಮೆ ಇದೆ ಅಂದಿದ್ದಾರೆ. ಶುಗರ್ ಏನಿಲ್ಲ. ಹಾಗಾದರೆ ಬೆಲ್ಲ ನಿಲ್ಲಿಸಬೇಕಾ?

ಡಯೆಟಿಷಿಯನ್

ಅಮ್ಮಾ, ಇಲ್ಲಿನ ಮಾತು ಶುಗರ್ ಇರುವವರದ್ದು. ನಿಮ್ಮ ಮಗಳು ಬೆಲ್ಲ ನಿಲ್ಲಿಸಬೇಕಿಲ್ಲ. ಆದರೆ ರಕ್ತ ಹೆಚ್ಚಿಸಲು ಅದನ್ನೇ ನಂಬಬೇಡಿ, ಡಾಕ್ಟರು ಹೇಳಿದ ಕಬ್ಬಿಣದ ಮಾತ್ರೆ ಕೊಡಿ.

ಗೌಡ್ರು ಹೇಳಿದಂತೆ ಬೆಲ್ಲದಲ್ಲಿ ಕಬ್ಬಿಣ ಇರುವುದು ನಿಜ. ಎಷ್ಟಿದೆ ಅಂತ ನೋಡಬೇಕು. 100 ಗ್ರಾಂನಲ್ಲಿ ಹೆಚ್ಚೆಂದರೆ 4-5 ಮಿಲಿಗ್ರಾಂ ಹಿಡಿಯೋಣ. 10 ಗ್ರಾಂ ಬೆಲ್ಲದಲ್ಲಿ ಅರ್ಧ ಮಿಲಿಗ್ರಾಂ ಕೂಡ ದಾಟುವುದಿಲ್ಲ. ಗಂಡಸರಿಗೆ ದಿನಕ್ಕೆ 19 ಮಿಲಿಗ್ರಾಂ, ಹೆಂಗಸರಿಗೆ 29 ಬೇಕು ಅಂತ ಐಸಿಎಂಆರ್ 2020ರಲ್ಲಿ ಹೇಳಿದೆ. ಸಾಲದ್ದಕ್ಕೆ ಕಾಫಿ, ಟೀ ಕಬ್ಬಿಣವನ್ನು ಮೈಗೆ ಸೇರಲು ಸರಿಯಾಗಿ ಬಿಡುವುದಿಲ್ಲ. ಅಷ್ಟು ಕಬ್ಬಿಣಕ್ಕಾಗಿ ಶುಗರ್ ಇರುವವರು ಇಷ್ಟು ಸಿಹಿ ತಿನ್ನುವುದು ದುಬಾರಿ ವ್ಯಾಪಾರ. ಹುರುಳಿಕಾಳಿನ ಸಾರಿನಲ್ಲೂ ಕಬ್ಬಿಣ ಸಿಗುತ್ತದೆ.

ಶಿರಸಿಯಿಂದ ಒಬ್ಬರು

ನನ್ನದೊಂದು ಅನುಭವ. ನಮ್ಮ ಅತ್ತೆಗೆ ಆಗಾಗ ಶುಗರ್ ಇಳಿದು ಕೈ ನಡುಗಿ ಬೆವರುತ್ತದೆ. ಆಗ ಜೋನಿ ಬೆಲ್ಲ ಒಂದು ಚಮಚ ಕೊಟ್ಟರೆ ಸರಿಹೋಗುತ್ತಾರೆ. ಅದೇ ಅತ್ತೆ ಬೇರೆ ದಿನ 'ಬೆಲ್ಲದಿಂದ ಶುಗರ್ ಏರೂದಿಲ್ಲ' ಅಂತ ದೋಸೆಗೆ ಸುರಿದುಕೊಳ್ಳುತ್ತಾರೆ. ನಗಬೇಕೋ ಅಳಬೇಕೋ!

ಡಯೆಟಿಷಿಯನ್

ಇಡೀ ಚರ್ಚೆಗೆ ಉತ್ತರ ನಿಮ್ಮ ಅತ್ತೆಯೇ ಕೊಟ್ಟುಬಿಟ್ಟರು. ಇಳಿದ ಶುಗರನ್ನು ಏರಿಸುವ ಬೆಲ್ಲ ದೋಸೆಯ ಜೊತೆ ಹೋದಾಗ ಸುಮ್ನೆ ಕೂರುತ್ತದಾ?

ಆದರೆ ಒಂದು ಎಚ್ಚರ. ಅವರ ಮಾತ್ರೆಯ ಪಟ್ಟಿಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಅಂತ ಇದೆಯಾ ನೋಡಿ. ಈ ಮಾತ್ರೆಗಳು ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ತಡೆಯುತ್ತವೆ. ಅವನ್ನು ತಗೊಳ್ಳುವವರಿಗೆ ಶುಗರ್ ಇಳಿದಾಗ ಸಕ್ಕರೆ ಅಥವಾ ಬೆಲ್ಲ ಕೊಟ್ಟರೆ ಬೇಗ ಕೆಲಸ ಮಾಡುವುದಿಲ್ಲ. ಮೆಡಿಕಲ್ ಶಾಪಿನ ಗ್ಲೂಕೋಸ್ ಪುಡಿಯೇ ಬೇಕು. ಮೂರು ಚಮಚ, ಅಂದರೆ ಸುಮಾರು 15 ಗ್ರಾಂ, ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, 70ಕ್ಕಿಂತ ಕೆಳಗೇ ಇದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಮತ್ತೆ, ಶುಗರ್ ಆಗಾಗ ಇಳಿಯುತ್ತಿದೆ ಅಂದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು.

ಪ್ರಶ್ನೆ ಕೇಳಿದವರು

ಹಾಗಾದರೆ ನಾಳೆಯಿಂದ ಬೆಲ್ಲದ ಡಬ್ಬಿ ಎತ್ತಿಡಲಾ? ಹೋದ ವಾರ ಡಾಕ್ಟರು ಗ್ಲಿಮೆಪಿರೈಡ್ ಪವರ್ ಜಾಸ್ತಿ ಮಾಡಿದ್ದಾರೆ. ಬೆಲ್ಲದ ವಿಷಯ ಅವರಿಗೆ ನಾವು ಹೇಳಿಲ್ಲ. 'ಸಿಹಿ ತಿನ್ನುತ್ತೀರಾ' ಅಂತ ಕೇಳಿದರು, ಅಪ್ಪ ಇಲ್ಲ ಅಂದರು. ಅವರ ಪ್ರಕಾರ ಅದು ಸುಳ್ಳಲ್ಲ!

ಡಯೆಟಿಷಿಯನ್

ಇದನ್ನು ಹೇಳಿದ್ದು ಒಳ್ಳೆಯದಾಯಿತು. ಡಬ್ಬಿ ಎತ್ತಿಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ದಿನಕ್ಕೆ 66 ಗ್ರಾಂ ಬೆಲ್ಲ ತಿನ್ನುವ ಮನುಷ್ಯನ ರಿಪೋರ್ಟ್ ನೋಡಿ ಅವರು ಪವರ್ ಏರಿಸಿದ್ದಾರೆ. ಗ್ಲಿಮೆಪಿರೈಡ್ ಹಸಿದ ಹೊಟ್ಟೆಯಲ್ಲೂ ಶುಗರ್ ಇಳಿಸುತ್ತದೆ. ಹೆಚ್ಚಿಸಿದ ಮಾತ್ರೆ ಹಾಗೇ ಇದ್ದು ಬೆಲ್ಲ ಒಮ್ಮೆಲೇ ನಿಂತರೆ ಶಿರಸಿಯವರ ಅತ್ತೆಗೆ ಆದದ್ದೇ ಅಪ್ಪನಿಗೂ ಆಗಬಹುದು. ಮಾತ್ರೆಯನ್ನು ಎಷ್ಟಕ್ಕೆ ಇಳಿಸಬೇಕು ಅನ್ನುವುದು ಡಾಕ್ಟರ ತೀರ್ಮಾನ, ನಾನಾಗಲಿ ನೀವಾಗಲಿ ಮಾಡುವಂಥದ್ದಲ್ಲ.

ಅವರು ಒಪ್ಪಿದ ಮೇಲೆ ಮೊದಲು ಊಟದ ನಂತರದ ತುಂಡು ನಿಲ್ಲಿಸಿ. ಕಾಫಿಯನ್ನು ಒಂದು ಚಮಚಕ್ಕೆ, ಆಮೇಲೆ ಅರ್ಧಕ್ಕೆ ತನ್ನಿ. ಆ ಅರ್ಧ ಚಮಚ ಸಕ್ಕರೆಯೋ ಬೆಲ್ಲವೋ ಅನ್ನುವುದು ನನಗೆ ಮುಖ್ಯವಲ್ಲ. ರುಚಿಗೆ ಬೆಲ್ಲವೇ ಬೇಕೆಂದರೆ ಹಾಕಲಿ, ಸಕ್ಕರೆ ಅಂತಲೇ ಲೆಕ್ಕ ಬರೆಯಿರಿ.

ಆಲೆಮನೆ ನಡೆಸುವವರು

ಯುಗಾದಿಗೆ ಹೋಳಿಗೆಯೂ ಬೇಡವಾ ಹಾಗಾದರೆ?

ಡಯೆಟಿಷಿಯನ್

ದೊಡ್ಡ ಹೋಳಿಗೆ ಒಂದರಲ್ಲಿ 20 ಗ್ರಾಂ ಬೆಲ್ಲ ಸುಲಭವಾಗಿ ಇರುತ್ತದೆ, ಮೇಲೆ ಮೈದಾ. ಅರ್ಧ ಹೋಳಿಗೆ ತಿಂದು ಆ ಹೊತ್ತು ಅನ್ನ ಕಡಿಮೆ ಮಾಡಲಿ ಅನ್ನುತ್ತೇನೆ ನಾನು. ನನ್ನ ಜೊತೆ ಕೆಲಸ ಮಾಡುವವರೇ ಕೆಲವರು ಇದನ್ನು ಒಪ್ಪುವುದಿಲ್ಲ. ಅರ್ಧ ಅಂತ ಶುರುವಾದದ್ದು ಎರಡಕ್ಕೆ ಹೋಗುತ್ತದೆ, ಪೂರ್ತಿ ಬೇಡ ಅನ್ನುವುದೇ ವಾಸಿ ಅನ್ನುತ್ತಾರೆ. ಅದು ತಿನ್ನುವವರ ಮೇಲೂ ಹೋಗುತ್ತದೆ.

ಪ್ರಶ್ನೆ ಕೇಳಿದವರು

ಅಪ್ಪನಿಗೆ ಇದೆಲ್ಲ ಓದಿ ಹೇಳಿದೆ. 'ಅವರಿಗೇನು ಗೊತ್ತು' ಅಂದರು. ಮನೆಯಲ್ಲಿ ಗ್ಲೂಕೋಮೀಟರ್ ಇದೆ, ಅದರಲ್ಲಿ ತೋರಿಸಬಹುದಾ?

ಡಯೆಟಿಷಿಯನ್

ತೋರಿಸಬಹುದು, ಆದರೆ ಒಂದೇ ದಿನದ ಸಂಖ್ಯೆ ಹಿಡಿದು ವಾದಕ್ಕೆ ಇಳಿಯಬೇಡಿ. ಮೀಟರ್‌ಗೆ ನೂರಕ್ಕೆ 15ರಷ್ಟು ಆಚೀಚೆ ತೋರಿಸಲು ಅವಕಾಶ ಇದೆ. ನಿಜದಲ್ಲಿ 200 ಇದ್ದರೆ 170 ಕಾಣಬಹುದು, 230 ಕಾಣಬಹುದು. ಹಾಗಾಗಿ ಮೂರು ದಿನ ಮಧ್ಯಾಹ್ನ ಈಗಿನಂತೆ ತುಂಡು ತಿನ್ನಲಿ, ಇನ್ನು ಮೂರು ದಿನ ತಿನ್ನದಿರಲಿ. ಮುದ್ದೆ, ಅನ್ನ, ಸಾರು ಆರೂ ದಿನ ಅಷ್ಟಷ್ಟೇ ಇರಲಿ, ಮಾತ್ರೆಯ ಹೊತ್ತು ಬದಲಾಗದಿರಲಿ. ಮೊದಲ ತುತ್ತಿನಿಂದ ಎರಡು ಗಂಟೆ ಎಣಿಸಿ ನೋಡಿ. ಬೆರಳನ್ನು ಸೋಪಿನಲ್ಲಿ ತೊಳೆದು ಒರೆಸಿಕೊಂಡು ಚುಚ್ಚಬೇಕು. ಬೆಲ್ಲ ಮುಟ್ಟಿದ ಕೈಯಲ್ಲೇ ಚುಚ್ಚಿದರೆ ಬೆರಳಿಗಂಟಿದ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ, ಆಗ ಅಪ್ಪ ಮೀಟರೇ ಸರಿಯಿಲ್ಲ ಅಂದಾರು. ಇದನ್ನೂ ಡಾಕ್ಟರಿಗೆ ಫೋನ್ ಮಾಡಿದ ಮೇಲೆಯೇ ಶುರು ಮಾಡಿ.